ಸೇತುವೆಯ ಅಂಚಿನಲ್ಲಿ ಇಲ್ಲದ ಬೆಳಕು

ಕೊಲ್ಹಾರ ಮತ್ತು ಕೊರ್ತಿಗಳ ನಡುವೆ ಆಲಮಟ್ಟಿ ಜಲಾಶಯದ ಹಿನ್ನೀರನ್ನು ದಾಟುವ ಉದ್ದನೆಯ ಸೇತುವೆಯನ್ನು ಬೆಳಕಿಗೆ ಎದುರಾಗಿ ಚಿತ್ರಿಸಿದಾಗ, ಹೊಳೆಯುವ ಆಕಾಶಕ್ಕೂ ಸೇತುವೆಯ ಅಡಿಯ ನೆರಳಿಗೂ ನಡುವಿನ ಅಂತರ ಬಹಳ ಹಿಗ್ಗುತ್ತದೆ. ಈ ಅಂತರವನ್ನು ಅಳೆಯುವ ಮಾನ ಸ್ಟಾಪ್. ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿಯಾಗುವುದರಿಂದ 8 ಸ್ಟಾಪ್ ಎಂದರೆ 256 ಪಟ್ಟು. ಸಾಮಾನ್ಯ ಚಿತ್ರವು ಒಂದೇ ಎಕ್ಸ್‌ಪೋಷರ್ ಆಗಿರುವುದರಿಂದ, ಆಕಾಶವನ್ನು ಉಳಿಸಿಕೊಂಡರೆ ಕಂಬಗಳ ವಿವರ ಕಪ್ಪಿನಲ್ಲಿ ಮುಳುಗುತ್ತದೆ. ಎಚ್‌ಡಿಆರ್ ವಿಧಾನದಲ್ಲಾದರೋ ಎರಡೆರಡು ಸ್ಟಾಪ್ ಅಂತರದಲ್ಲಿ ತೆಗೆದ ಮೂರು ಚಿತ್ರಗಳನ್ನು ಒಂದುಗೂಡಿಸಿ, ಬಳಿಕ ಆ ಅಗಾಧ ವ್ಯಾಪ್ತಿಯನ್ನು ಪರದೆಗೆ ಹೊಂದುವಂತೆ ಕುಗ್ಗಿಸಲಾಗುತ್ತದೆ. ಈ ಕುಗ್ಗಿಸುವಿಕೆಗೆ ಟೋನ್ ಮ್ಯಾಪಿಂಗ್ ಎಂದು ಹೆಸರು. ಹೇಲೋ, ಅಂದರೆ ಅಂಚಿನ ಸುತ್ತ ಕಾಣುವ ಕೃತಕ ಪ್ರಭೆ, ಹುಟ್ಟುವುದು ಇಲ್ಲಿಯೇ.

ಅದರ ಕಾರಣವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಸ್ಟಾಪ್ ಮಾನದಲ್ಲಿ ನೆರಳಿನ ಬೆಲೆ 0, ಆಕಾಶದ್ದು 8 ಎಂದಿರಲಿ; ಪ್ರತಿ ಬಿಂದುವಿನ ಸುತ್ತಲಿನ ಸರಾಸರಿಯ ಅರ್ಧವನ್ನು ಆ ಬಿಂದುವಿನಿಂದ ಕಳೆಯುವುದು ಕುಗ್ಗಿಸುವ ನಿಯಮವಾಗಿರಲಿ. ಸೇತುವೆಯಿಂದ ದೂರದ ಆಕಾಶದಲ್ಲಿ ಸರಾಸರಿ 8 ಆದ್ದರಿಂದ ಫಲ 4. ಅಂಚಿಗೆ ತಗುಲಿದ ಆಕಾಶದಲ್ಲಾದರೆ ನೆರಳೂ ಲೆಕ್ಕಕ್ಕೆ ಸೇರಿ ಸರಾಸರಿ ಸುಮಾರು 4ಕ್ಕೆ ಇಳಿಯುವುದರಿಂದ ಫಲ 6 ಆಗುತ್ತದೆ. ಒಂದೇ ಬಗೆಯ ಆಕಾಶವು ಸೇತುವೆಯ ಪಕ್ಕದಲ್ಲಿ ನಾಲ್ಕು ಪಟ್ಟು ಬೆಳಗಿದಂತೆ ದಾಖಲಾಗುವುದು ಹೀಗೆ. ಅಂಚಿನ ಒಳಬದಿಯ ನೆರಳು ಅದೇ ಲೆಕ್ಕದಿಂದ ಇನ್ನಷ್ಟು ಕಪ್ಪಾಗುತ್ತದೆ.

ದಿಗಂತದ ಬಳಿ ಆಕಾಶ ಸಹಜವಾಗಿಯೇ ತಿಳಿಯಾಗುವುದರಿಂದ ಎಲ್ಲ ಬೆಳಕನ್ನೂ ಹೇಲೋ ಎಂದು ಭಾವಿಸಬಾರದು. ಸಹಜ ತಿಳಿಬಣ್ಣವು ದಿಗಂತಕ್ಕೆ ಸಮಾನಾಂತರವಾಗಿ ಹರಡಿದರೆ, ಹೇಲೋ ಸೇತುವೆಯ ಅಥವಾ ದಡದ ಮರದ ಹೊರಗೆರೆಯನ್ನೇ ಅನುಸರಿಸಿ ಬಾಗುತ್ತದೆ. ಆಕಾಶ ಬಿಳಿಚಿಕೊಳ್ಳದ ಸಾಮಾನ್ಯ ಚಿತ್ರವೊಂದನ್ನು ಪಕ್ಕದಲ್ಲಿಟ್ಟು ಅದೇ ಜಾಗವನ್ನು ನೋಡಿದರೆ, ಆ ಬೆಳಕಿನ ಪಟ್ಟಿ ದೃಶ್ಯದಲ್ಲಿತ್ತೇ ಅಥವಾ ಸಂಸ್ಕರಣೆಯಲ್ಲಿ ಸೇರಿತೇ ಎಂಬುದು ನಿರ್ಧಾರವಾಗುತ್ತದೆ.

2002ರಲ್ಲಿ ಡುರಾಂಡ್ ಮತ್ತು ಡಾರ್ಸಿ ಟೋನ್ ಮ್ಯಾಪಿಂಗಿಗೆ ಅಳವಡಿಸಿದ ಬೈಲ್ಯಾಟರಲ್ ಸೋಸುವಿಕೆಯು, ಬೆಳಕಿನಲ್ಲಿ ತೀರ ಭಿನ್ನವಾದ ನೆರೆಯ ಬಿಂದುಗಳಿಗೆ ಸರಾಸರಿಯಲ್ಲಿ ಅತ್ಯಲ್ಪ ತೂಕ ಕೊಡುತ್ತದೆ. ಆಗ ಅಂಚಿನ ಆಕಾಶದ ಸರಾಸರಿಯೂ 8ರ ಸಮೀಪವೇ ಉಳಿದು, ಪ್ರಭೆ ಬಹುಮಟ್ಟಿಗೆ ಅಡಗುತ್ತದೆ.

ಆದರೆ ಹೇಲೋ ಇಲ್ಲದ ಮಾತ್ರಕ್ಕೆ ಚಿತ್ರ ಸಹಜವೆನಿಸದು. ನೀರು ತನ್ನ ಮೇಲೆ ಬಿದ್ದ ಬೆಳಕಿನ ಒಂದಂಶವನ್ನಷ್ಟೇ ಪ್ರತಿಫಲಿಸುವುದರಿಂದ, ನಿಶ್ಚಲ ಹಿನ್ನೀರಿನಲ್ಲಿ ಕಾಣುವ ಮೋಡದ ಬಿಂಬವು ಆ ಮೋಡಕ್ಕಿಂತ ಮಬ್ಬಾಗಿಯೇ ಇರಬೇಕು. ಆಕಾಶವನ್ನು ತಗ್ಗಿಸಿ ನೀರನ್ನು ಎತ್ತಿದ ಎಚ್‌ಡಿಆರ್ ಚಿತ್ರದಲ್ಲಿ ಬಿಂಬವೇ ಹೆಚ್ಚು ಬೆಳಗಿದ್ದರೆ, ಅಂಚುಗಳು ಎಷ್ಟೇ ಶುದ್ಧವಾಗಿದ್ದರೂ ಕುಗ್ಗಿಸುವಿಕೆ ಮಿತಿ ಮೀರಿದೆ ಎಂದೇ ಅರ್ಥ. ಬಿಂಬವು ಮತ್ತೆ ಮೋಡಕ್ಕಿಂತ ಮಬ್ಬಾಗುವವರೆಗೆ ಕುಗ್ಗಿಸುವಿಕೆಯನ್ನು ಸಡಿಲಿಸಬೇಕು, ಕಂಬಗಳ ಅಡಿಯಲ್ಲಿ ಒಂದಿಷ್ಟು ಕಪ್ಪು ಉಳಿದರೂ ಸರಿ.