ನಾಲ್ವರ ಪ್ರಾಜೆಕ್ಟ್, ಒಂದು ಬೋರ್ಡ್, ಶುಕ್ರವಾರದ ಗಡುವು

ಎಂಜಿನಿಯರಿಂಗ್ ಕೊನೆಯ ವರ್ಷದ ತಂಡವೊಂದರ ಬೋರ್ಡಿನಲ್ಲಿ ‘ಸೆನ್ಸರ್ ಕೆಲಸ’ ಎಂಬ ಕಾರ್ಡ್ ಇದ್ದರೆ, ಅದು ಯಾವಾಗ ಮುಗಿಯುತ್ತದೆ ಎಂದು ತಂಡದಲ್ಲಿ ಯಾರೂ ಹೇಳಲಾರರು. ಸೆನ್ಸರ್ ಕೊಂಡು ತಂದರೆ ಮುಗಿಯಿತೇ? ವೈರು ಜೋಡಿಸಿದರೆ? ಪರದೆಯ ಮೇಲೆ ಒಂದು ಸಂಖ್ಯೆ ಮೂಡಿದರೆ? ನಾಲ್ವರಲ್ಲಿ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಉತ್ತರವಿರುತ್ತದೆ. ಕಾರ್ಡ್ ಮೂರು ವಾರ ಅಲ್ಲೇ ಕೂತಿರುತ್ತದೆ. ಗೈಡ್ ಕೇಳಿದಾಗಲೆಲ್ಲ ‘ಆಲ್‌ಮೋಸ್ಟ್ ಆಗಿದೆ ಸರ್’ ಎನ್ನುವುದು ಕೇಳಿಬರುತ್ತದೆ.

ಇಂಥ ಬೋರ್ಡುಗಳ ಮೂಲ ಜಪಾನಿನ ಟೊಯೋಟಾ ಕಾರ್ಖಾನೆಯದು. ಮುಂದಿನ ಹಂತಕ್ಕೆ ಯಾವ ಬಿಡಿಭಾಗ, ಎಷ್ಟು ಬೇಕು ಎಂಬುದನ್ನು ಹಿಂದಿನ ಹಂತಕ್ಕೆ ತಿಳಿಸುವ ಚೀಟಿಗೆ ಅಲ್ಲಿ ಕಾನ್‌ಬಾನ್ ಎನ್ನುತ್ತಿದ್ದರು. ಸಾಫ್ಟ್‌ವೇರ್ ತಂಡಗಳು ಅದನ್ನು ತಮ್ಮ ಕೆಲಸಕ್ಕೆ ಒಗ್ಗಿಸಿಕೊಂಡವು. 2011ರಲ್ಲಿ ಬಂದ ಟ್ರೆಲ್ಲೊ ಅದನ್ನು ಮೊಬೈಲಿನಲ್ಲೂ ಕಾಣುವಷ್ಟು ಸರಳಗೊಳಿಸಿತು. ಈಗ ಟ್ರೆಲ್ಲೊ ಆಗಲಿ, ಗಿಟ್‌ಹಬ್‌ನ ಪ್ರಾಜೆಕ್ಟ್ ಬೋರ್ಡ್ ಆಗಲಿ, ನಾಲ್ಕು ಜನರ ವಿದ್ಯಾರ್ಥಿ ತಂಡಕ್ಕೆ ಸಾಕಾಗುವಷ್ಟು ಉಚಿತವಾಗಿಯೇ ಸಿಗುತ್ತದೆ. ಮೂರು ಕಂಬಸಾಲು ಇರುತ್ತವೆ: `Todo`, `In Progress`, `Done`. ಕಾರ್ಡ್ ಎಡದಿಂದ ಬಲಕ್ಕೆ ಸರಿಯುತ್ತ ಹೋಗಬೇಕು. ಬೋರ್ಡ್ ತೆರೆಯಲು ಐದು ನಿಮಿಷ ಸಾಕು. ಅದರ ಕಾರ್ಡುಗಳ ಮೇಲೆ ಏನು ಬರೆಯಬೇಕು, ಶುಕ್ರವಾರದ ಮೈಲಿಗಲ್ಲು ಎಂದರೆ ಏನು ಎನ್ನುವಲ್ಲೇ ಹೆಚ್ಚಿನ ತಂಡಗಳು ಎಡವುತ್ತವೆ.

ನಮ್ಮ ಕಾಲೇಜುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಿಷಯವನ್ನೇ ತೆಗೆದುಕೊಳ್ಳೋಣ: ಮಣ್ಣಿನ ತೇವ ನೋಡಿಕೊಂಡು ತಾನೇ ನೀರು ಬಿಡುವ ಹನಿ ನೀರಾವರಿ. ಇಎಸ್‌ಪಿ32 ಎಂಬ ಅಗ್ಗದ ವೈ-ಫೈ ಬೋರ್ಡ್, ಎರಡು ತೇವಾಂಶ ಸೆನ್ಸರ್, ಒಂದು ರಿಲೇ, ಸಣ್ಣ ಪಂಪು, ಫೋನಿನಲ್ಲಿ ನೋಡಲು ಒಂದು ಪುಟ. ನಾಲ್ವರಿದ್ದಾರೆ ಎಂದಿಟ್ಟುಕೊಂಡರೆ ಕೆಲಸ ಹಂಚಿಕೊಳ್ಳುವ ರೀತಿಯೂ ಸಾಮಾನ್ಯವಾಗಿ ಒಂದೇ. ಒಬ್ಬರಿಗೆ ಸೆನ್ಸರ್, ಒಬ್ಬರಿಗೆ ವೈ-ಫೈ, ಒಬ್ಬರಿಗೆ ಪಂಪು, ಒಬ್ಬರಿಗೆ ಆ ಪುಟ ಮತ್ತು ರಿಪೋರ್ಟು. ವಾರದ ಮೈಲಿಗಲ್ಲುಗಳನ್ನೂ ಇದೇ ಸಾಲಿನಲ್ಲಿ ಬರೆಯುತ್ತಾರೆ. ಮೊದಲೆರಡು ವಾರ ಸೆನ್ಸರ್, ಆಮೇಲೆ ವೈ-ಫೈ, ಆಮೇಲೆ ಪಂಪು, ಕೊನೆಗೆ ‘ಎಲ್ಲ ಜೋಡಿಸುವುದು’.

ಅಪಾಯ ಇರುವುದು ಆ ಕೊನೆಯ ಸಾಲಿನಲ್ಲಿ. ಸೆನ್ಸರ್ ನೋಡಿಕೊಳ್ಳುವ ವಿದ್ಯಾರ್ಥಿ ಅದನ್ನು 26ನೇ ಪಿನ್ನಿಗೆ ಜೋಡಿಸುತ್ತಾನೆ. ಒಣಮಣ್ಣಿನಲ್ಲಿ ಒಂದು ಸಂಖ್ಯೆ, ನೀರು ಹಾಕಿದರೆ ಇನ್ನೊಂದು, ಎಲ್ಲ ಚೆನ್ನಾಗಿ ಬರುತ್ತದೆ. ಕಾರ್ಡ್ `Done`ಗೆ ಹೋಗುತ್ತದೆ. ವೈ-ಫೈ ನೋಡಿಕೊಳ್ಳುವವಳು ಒಂದು ಹುಸಿ ಸಂಖ್ಯೆಯನ್ನು ಫೋನಿಗೆ ಕಳಿಸಿ ನೋಡುತ್ತಾಳೆ, ಅದೂ ತಲುಪುತ್ತದೆ. ಅದೂ `Done`. ಎರಡು ತಿಂಗಳ ನಂತರ ಎರಡನ್ನೂ ಒಂದೇ ಬೋರ್ಡಿನಲ್ಲಿ ಸೇರಿಸಿದ ದಿನ ಸೆನ್ಸರ್ ಓದುವುದನ್ನೇ ನಿಲ್ಲಿಸುತ್ತದೆ. ಯಾರ ಕೋಡಿನಲ್ಲೂ ತಪ್ಪಿಲ್ಲ. ಮೂಲ ಇಎಸ್‌ಪಿ32 ಚಿಪ್ಪಿನಲ್ಲಿ ವೋಲ್ಟೇಜನ್ನು ಅಳೆಯುವ ಎರಡು ಘಟಕಗಳಿವೆ, ಅವುಗಳಲ್ಲಿ ಎರಡನೆಯದನ್ನು ವೈ-ಫೈ ಕೂಡ ಬಳಸುತ್ತದೆ. 26ನೇ ಪಿನ್ ಸೇರಿದ್ದು ಆ ಎರಡನೆಯದಕ್ಕೆ. ವೈರನ್ನು ಮೊದಲ ಘಟಕಕ್ಕೆ ಸೇರಿದ 32ರಿಂದ 39ರೊಳಗಿನ ಒಂದು ಪಿನ್ನಿಗೆ ಬದಲಿಸಿ, ಕೋಡಿನಲ್ಲಿ ಪಿನ್ ಸಂಖ್ಯೆ ತಿದ್ದಿದರೆ ತೊಂದರೆ ಮುಗಿಯುತ್ತದೆ. ಮೊದಲ ವಾರವೇ ಗೊತ್ತಾಗಿದ್ದರೆ ಹತ್ತು ನಿಮಿಷದ ಕೆಲಸ. ರಿವ್ಯೂ ಹಿಂದಿನ ರಾತ್ರಿ ಗೊತ್ತಾದರೆ ಇಡೀ ತಂಡ ನಿದ್ದೆಗೆಟ್ಟು, ಪರಸ್ಪರ ಅನುಮಾನಪಟ್ಟು ಹುಡುಕುತ್ತದೆ.

ಆದ್ದರಿಂದ ಮೈಲಿಗಲ್ಲನ್ನು ಭಾಗದ ಹೆಸರಿನಲ್ಲಿ ಇಡಬಾರದು. ಶುಕ್ರವಾರ ಗೈಡ್ ಎದುರು ಏನನ್ನು ಮಾಡಿ ತೋರಿಸುತ್ತೇವೆ ಎಂದು ಬರೆಯಬೇಕು. ಮೊದಲ ವಾರ: ಒಂದೇ ಸೆನ್ಸರ್, ಅದರ ಸಂಖ್ಯೆ ವೈ-ಫೈ ಮೂಲಕ ಫೋನಿನಲ್ಲಿ ಕಾಣಬೇಕು. ಪುಟ ಎಷ್ಟೇ ಒರಟಾಗಿರಲಿ, ಸಂಖ್ಯೆ ಎಷ್ಟೇ ಅರ್ಥಹೀನವಾಗಿರಲಿ, ಒಂದು ತುದಿಯಿಂದ ಇನ್ನೊಂದು ತುದಿಗೆ ದಾರಿ ತೆರೆದಿರಬೇಕು. ಎರಡನೇ ವಾರ: ಸಂಖ್ಯೆ ಒಂದು ಮಟ್ಟಕ್ಕಿಂತ ಮೇಲೇರಿದರೆ ರಿಲೇ ‘ಟಿಕ್’ ಎನ್ನಬೇಕು (ಸಾಮಾನ್ಯ ಕೆಪಾಸಿಟಿವ್ ಸೆನ್ಸರಿನಲ್ಲಿ ಮಣ್ಣು ಒಣಗಿದಷ್ಟೂ ಸಂಖ್ಯೆ ಏರುತ್ತದೆ). ಪಂಪು ಇನ್ನೂ ಬೇಡ. ಮೂರನೇ ವಾರ: ಒಂದು ಕುಂಡದ ಗಿಡಕ್ಕೆ ನಿಜವಾಗಿ ನೀರು ಬೀಳಬೇಕು. ಎರಡನೇ ಸೆನ್ಸರ್, ಅಂದದ ಗ್ರಾಫ್, ಎಸ್‌ಎಂಎಸ್ ಎಲ್ಲ ಆಮೇಲೆ. ಹೀಗೆ ಮಾಡಿದರೆ 26ನೇ ಪಿನ್ನಿನ ತೊಡಕು ಮೊದಲ ಶುಕ್ರವಾರಕ್ಕೆ ಮುಂಚೆಯೇ ಹೊರಬೀಳುತ್ತದೆ.

ಇನ್ನು ಕಾರ್ಡುಗಳು. ‘ಸೆನ್ಸರ್ ಕೆಲಸ’ವನ್ನು ಒಡೆದರೆ ಅದರಿಂದ ಇಂಥದ್ದೊಂದು ಕಾರ್ಡ್ ಹುಟ್ಟಬೇಕು: ‘ಕಾಲೇಜು ತೋಟದ ಮಣ್ಣಿನ ಐದು ಮಾದರಿಗಳಲ್ಲಿ ಸೆನ್ಸರ್ ಸಂಖ್ಯೆ ಮತ್ತು ನಿಜವಾದ ತೇವಾಂಶ, ಪಟ್ಟಿಯೊಂದಿಗೆ.’ ನಿಜವಾದ ತೇವಾಂಶ ತಿಳಿಯಲು ಒದ್ದೆ ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಬೇಕು. ಸಿವಿಲ್ ವಿಭಾಗದ ಮಣ್ಣಿನ ಲ್ಯಾಬಿನಲ್ಲಿ ಆ ಓವನ್ ಇರುತ್ತದೆ. ಪಟ್ಟಿ ಇದ್ದರೆ ಕಾರ್ಡ್ ಮುಗಿದಿದೆ, ಇಲ್ಲದಿದ್ದರೆ ಇಲ್ಲ, ವಾದಕ್ಕೆ ಜಾಗವಿಲ್ಲ. ಪ್ರತಿ ಕಾರ್ಡಿಗೂ ಒಂದೇ ಹೆಸರು ಇರಲಿ. ಇಬ್ಬರ ಹೆಸರಿದ್ದರೆ ಒಬ್ಬರು ಮಾಡುತ್ತಿದ್ದಾರೆಂದು ಇನ್ನೊಬ್ಬರು ಸುಮ್ಮನಿರುತ್ತಾರೆ. ಎರಡು ಮೂರು ದಿನಕ್ಕಿಂತ ದೊಡ್ಡ ಕೆಲಸವನ್ನು ಮತ್ತೆ ಒಡೆಯುವುದೇ ಒಳ್ಳೆಯದು.

ನಡುವಿನ ಕಂಬಸಾಲಿಗೆ ಮಿತಿ ಹಾಕಿಕೊಳ್ಳುವುದು ಅಷ್ಟೇ ಮುಖ್ಯ. ನಾಲ್ವರಿಗೆ ನಾಲ್ಕೇ ಕಾರ್ಡ್ ಎಂದು ನಿಗದಿಯಾದರೆ, ಹೊಸ ಕಾರ್ಡ್ ಎಳೆಯುವ ಮೊದಲು ಹಳೆಯದನ್ನು ಮುಗಿಸಬೇಕಾಗುತ್ತದೆ, ಇಲ್ಲವೇ ಸಿಕ್ಕಿಬಿದ್ದ ಗೆಳೆಯನ ಪಕ್ಕ ಕೂರಬೇಕಾಗುತ್ತದೆ. ಮಿತಿ ಇಲ್ಲದ ಬೋರ್ಡಿನಲ್ಲಿ ಹನ್ನೊಂದು ಕಾರ್ಡ್ ಅರ್ಧರ್ಧ ತೆರೆದುಕೊಂಡು, ಶುಕ್ರವಾರ ತೋರಿಸಲು ಒಂದೂ ಇರುವುದಿಲ್ಲ. ತಂಡದ ಕೈಯಲ್ಲಿಲ್ಲದ ಕೆಲಸಕ್ಕೆ ಮಾತ್ರ ‘ಕಾಯುತ್ತಿದೆ’ ಎಂಬ ನಾಲ್ಕನೇ ಕಂಬಸಾಲು ಬೇಕು. ಆರ್ಡರ್ ಮಾಡಿದ ಪಂಪು ಬಂದಿಲ್ಲ, ಲ್ಯಾಬಿನ ಅನುಮತಿ ಸಿಕ್ಕಿಲ್ಲ ಎನ್ನುವಂಥವು ಅಲ್ಲಿರಲಿ. ಯಾರಿಗಾಗಿ, ಎಂದಿನಿಂದ ಕಾಯುತ್ತಿದ್ದೇವೆ ಎಂದೂ ಬರೆದಿರಬೇಕು. ಒಂದು ವಾರ ಕಾದ ಮೇಲೆ ಬೆಂಗಳೂರಿನ ತಂಡವಾದರೆ ಎಸ್‌ಪಿ ರಸ್ತೆಗೆ ಹೋಗಿ ತರುವುದೇ ಲೇಸು.

ಮೈಲಿಗಲ್ಲುಗಳ ದಿನಾಂಕವನ್ನು ಬೋರ್ಡಿನ ಕ್ಯಾಲೆಂಡರಿನಿಂದಲ್ಲ, ಕಾಲೇಜಿನ ಕ್ಯಾಲೆಂಡರಿನಿಂದ ಎತ್ತಬೇಕು. ಇಂಟರ್ನಲ್ಸ್ ವಾರ, ಲ್ಯಾಬ್ ಪರೀಕ್ಷೆ, ಹಬ್ಬಕ್ಕೆ ಊರಿಗೆ ಹೋಗುವ ದಿನಗಳು, ಕ್ಯಾಂಪಸ್ ಇಂಟರ್‌ವ್ಯೂ ಇವನ್ನು ಮೊದಲು ಗುರುತಿಸಿ, ಉಳಿದ ವಾರಗಳಿಗೆ ಮಾತ್ರ ಮೈಲಿಗಲ್ಲು ಇಡುವುದು ಪ್ರಾಮಾಣಿಕ ಲೆಕ್ಕ. ಹದಿನಾರು ವಾರದ ಸೆಮಿಸ್ಟರಿನಲ್ಲಿ ಕೈಗೆ ಹತ್ತು ವಾರ ಸಿಕ್ಕರೆ ಹೆಚ್ಚು.

ಶುಕ್ರವಾರ ಗುರಿ ತಪ್ಪಿದರೆ ಏನು? ದಿನಾಂಕವನ್ನು ಸದ್ದಿಲ್ಲದೆ ಮುಂದೂಡುವುದು ಎಲ್ಲಕ್ಕಿಂತ ಕೆಟ್ಟ ದಾರಿ, ಏಕೆಂದರೆ ಆಮೇಲೆ ಬೋರ್ಡನ್ನು ಯಾರೂ ನಂಬುವುದಿಲ್ಲ. ದಿನಾಂಕ ಹಾಗೇ ಇರಲಿ, ಮಾಡಬೇಕಾದುದನ್ನು ಕಡಿಮೆ ಮಾಡಬೇಕು. ಎರಡು ಸೆನ್ಸರಿನ ಬದಲು ಒಂದು, ಗ್ರಾಫಿನ ಬದಲು ಬರೀ ಸಂಖ್ಯೆ. ಗಿಟ್‌ಹಬ್ ತೋರಿಸುವ ಶೇಕಡಾವಾರು ಪಟ್ಟಿಯನ್ನೂ ಎಚ್ಚರದಿಂದ ನೋಡಬೇಕು. ಅದು ಮುಗಿದ ಕೆಲಸಗಳನ್ನು ಎಣಿಸುತ್ತದೆಯೇ ಹೊರತು ಅವುಗಳ ಭಾರವನ್ನಲ್ಲ. ಹತ್ತರಲ್ಲಿ ಒಂಬತ್ತು ಸಣ್ಣ ಕೆಲಸ ಮುಗಿಸಿದ ತಂಡಕ್ಕೆ 90 ಎಂದು ಕಾಣುತ್ತದೆ, ಉಳಿದ ಒಂದೇ ಕೆಲಸ ಪಂಪಿಗೆ ಜೀವ ಕೊಡುವುದಾಗಿದ್ದರೂ. ಅದೇ ಕಾರಣಕ್ಕೆ ಯಾರು ಎಷ್ಟು ಕಾರ್ಡ್ ಮುಗಿಸಿದರು ಎಂದು ಎಣಿಸಿ ಅಂಕ ಕೊಡುವುದೂ ಅನ್ಯಾಯ. ವೈವಾ ದಿನ ಗೈಡ್ ಒಂದು ಕಾರ್ಡನ್ನು ತೆರೆದು, ಅದರ ಮೇಲೆ ಹೆಸರಿರುವ ವಿದ್ಯಾರ್ಥಿಯನ್ನೇ ‘ಈ ಐದು ಮಾದರಿಗಳಲ್ಲಿ ಮೂರನೆಯದು ಯಾಕೆ ಗೆರೆಯಿಂದ ಹೊರಗಿದೆ?’ ಎಂದು ಕೇಳಿದರೆ, ಯಾರ ಕೈಯಿಂದ ಕೆಲಸವಾಗಿದೆ ಎನ್ನುವುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.