ನೀರು ಹರಿದಂತೆ ಚಿತ್ರ ತೆರೆಯಲಿ

ಕಾವೇರಿ ನೀರು ಬೆಂಗಳೂರಿಗೆ ಬರುವ ದಾರಿಯನ್ನು ಒಂದೇ ಸ್ಲೈಡಿನಲ್ಲಿ ಬಿಡಿಸಿದ್ದೀರಿ ಎನ್ನೋಣ. ಶಿವ ಅಣೆಕಟ್ಟೆ, ನೆಟ್ಕಲ್ ಜಲಾಶಯ, ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕ, ಅಲ್ಲಿಂದ ಹಾರೋಹಳ್ಳಿ, ತಾತಗುಣಿ, ಕೊನೆಗೆ ನಗರ. ಇಡೀ ಚಿತ್ರ ಒಮ್ಮೆಲೇ ಪರದೆಗೆ ಬಂದರೆ, ನೀವು ನೆಟ್ಕಲ್ ಬಗ್ಗೆ ಹೇಳುತ್ತಿರುವಾಗ ಕೂತವರು ತಾತಗುಣಿ ಓದುತ್ತಿರುತ್ತಾರೆ. ಅದಕ್ಕೇ ಚಿತ್ರವನ್ನು ಹಂತಹಂತವಾಗಿ ತೆರೆಯುವುದು.

ಅನಿಮೇಷನ್ ಮುಟ್ಟುವ ಮೊದಲು ಪೂರ್ತಿ ಚಿತ್ರ ಬರೆದು ಮುಗಿಸಿ. ಪ್ರತಿ ಪೆಟ್ಟಿಗೆಯೂ ಕೊನೆಯಲ್ಲಿ ಎಲ್ಲಿರಬೇಕೋ ಅಲ್ಲೇ ಹುಟ್ಟಬೇಕು, ಆಮೇಲೆ ಜರುಗಬಾರದು. ಆರಂಭದಲ್ಲಿ ನದಿ ಮತ್ತು ನಗರ, ಈ ಎರಡು ತುದಿಗಳು ಮಾತ್ರ ಕಾಣಲಿ. ಪಯಣ ಎಲ್ಲಿಂದ ಎಲ್ಲಿಗೆ ಎಂಬುದು ಗೊತ್ತಾದರೆ ನಡುವಿನ ಖಾಲಿ ಜಾಗ ಯಾರನ್ನೂ ಕಾಡುವುದಿಲ್ಲ.

ಪವರ್‌ಪಾಯಿಂಟಿನಲ್ಲಾದರೆ ಪ್ರತಿ ಪೆಟ್ಟಿಗೆಯನ್ನೂ ಅದರ ಹೆಸರನ್ನೂ ಸೇರಿಸಿ Ctrl+G ಒತ್ತಿ ಗುಂಪು ಮಾಡಿ. ಈ ಕೆಲಸ ಮೊದಲೇ ಆಗಬೇಕು. ಅನಿಮೇಷನ್ ಕೊಟ್ಟ ಮೇಲೆ ಗುಂಪು ಮಾಡಿದರೆ ಕೊಟ್ಟದ್ದು ಅಳಿಸಿಹೋಗುತ್ತದೆ. ಬಾಣಕ್ಕೆ Wipe ಕೊಡಿ. ಅದು ತಾನಾಗಿ ಕೆಳಗಿನಿಂದ ಮೇಲಕ್ಕೆ ತೆರೆದುಕೊಳ್ಳುತ್ತದೆ, ಆದ್ದರಿಂದ ಎಡದಿಂದ ಬಲಕ್ಕೆ ಹೋಗುವ ಬಾಣಕ್ಕೆ Effect Options ಒಳಗೆ From Left ಆರಿಸಿ. ಆಗ ಬಾಣ ನೀರು ಹೋದ ದಿಕ್ಕಿಗೇ ಬೆಳೆಯುತ್ತದೆ. ಅದು ತಲುಪುವ ಪೆಟ್ಟಿಗೆಗೆ Fade ಸಾಕು. After Previous ಇಟ್ಟರೆ ಬಾಣದ ಬೆನ್ನಿಗೇ ಅದೂ ಮೂಡುತ್ತದೆ. ಎರಡಕ್ಕೂ ಅರ್ಧ ಸೆಕೆಂಡು ಧಾರಾಳವಾಯಿತು.

ಇಲ್ಲಿ ಚಲನೆಗೆ ಅರ್ಥವಿದೆ, ಅದು ನೀರಿನ ದಿಕ್ಕನ್ನು ಹೇಳುತ್ತಿದೆ. ಪೆಟ್ಟಿಗೆ ಪರದೆಯಾಚೆಯಿಂದ ಹಾರಿ ಬಂದರೆ ಏನನ್ನೂ ಹೇಳುವುದಿಲ್ಲ. ಆದರೂ ಅಲುಗಿದ್ದರ ಕಡೆಗೆ ಕಣ್ಣು ತಿರುಗಿಯೇ ತಿರುಗುತ್ತದೆ, ಅಷ್ಟರಲ್ಲಿ ನಿಮ್ಮ ಮಾತು ಕೈತಪ್ಪುತ್ತದೆ.

ಎಷ್ಟು ಕ್ಲಿಕ್ ಬೇಕು? ಬಾಯಿಬಿಟ್ಟು ಹೇಳಿ ನೋಡಿದರೆ ತಿಳಿಯುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಮೂರೂ ಕಡೆ ಪಂಪು ಮಾಡಿ ನೀರನ್ನು ಸುಮಾರು 500 ಮೀಟರ್ ಮೇಲಕ್ಕೆತ್ತುತ್ತಾರೆ. ಒಂದೇ ಏರಿನಲ್ಲಿ ಎತ್ತುವುದಿಲ್ಲ ಎಂಬುದೇ ನಿಮ್ಮ ಮುಖ್ಯ ಮಾತಾದರೆ ಮೂರಕ್ಕೂ ಮೂರು ಕ್ಲಿಕ್ ಇರಲಿ. ಮಾತು ಶುದ್ಧೀಕರಣದ ಬಗ್ಗೆಯಾದರೆ ಪಂಪುಗಳೆಲ್ಲ ಒಂದೇ ಕ್ಲಿಕ್ಕಿಗೆ ಬರಲಿ. ಕ್ಲಿಕ್ ಮಾಡಿದ ಮೇಲೆ ಹೇಳಲು ಏನೂ ಹೊಳೆಯದಿದ್ದರೆ ಆ ಹಂತ ಹೆಚ್ಚಾಗಿದೆ ಎಂದರ್ಥ.

ಹಂತಗಳು ಹತ್ತನ್ನು ದಾಟುವಂತಿದ್ದರೆ ನಾನು ಅನಿಮೇಷನ್ನನ್ನೇ ಬಿಡುತ್ತೇನೆ. ಪೂರ್ತಿ ಚಿತ್ರದ ಸ್ಲೈಡನ್ನು Ctrl+D ಒತ್ತಿ ನಕಲು ಮಾಡುತ್ತಾ, ಕೊನೆಯಿಂದ ಹಿಂದಕ್ಕೆ ಒಂದೊಂದೇ ಭಾಗ ಅಳಿಸುತ್ತಾ ಬಂದರಾಯಿತು. ಮುಂದಿನಿಂದ ತೋರಿಸಿದಾಗ ಕಣ್ಣಿಗೆ ಅದೇ ಪರಿಣಾಮ. ಯಾರಾದರೂ ನೆಟ್ಕಲ್ ಬಗ್ಗೆ ಮತ್ತೆ ಕೇಳಿದರೆ ಆ ಸ್ಲೈಡಿನ ಸಂಖ್ಯೆ ಒತ್ತಿ Enter ಕೊಟ್ಟು ನೇರ ಅಲ್ಲಿಗೇ ಹೋಗಬಹುದು. ಪಿಡಿಎಫ್ ಮಾಡಿ ಹಂಚಿದರೂ ಹಂತಗಳು ಉಳಿಯುತ್ತವೆ. ಅನಿಮೇಷನ್ ಇದ್ದ ಸ್ಲೈಡಾದರೆ ಪಿಡಿಎಫ್‌ನಲ್ಲಿ ಎಲ್ಲವೂ ಒಂದೇ ಪುಟದಲ್ಲಿ ಬಂದು ಕೂರುತ್ತದೆ.