ಕೆರೆಯ ಮೇಲೊಂದು ಪ್ಯಾರಾ: ತಿದ್ದಿ ಬರೆಯುವ ಬಗೆ

ಪದವಿ ವಿದ್ಯಾರ್ಥಿಗಳ ಅಸೈನ್‌ಮೆಂಟ್ ಹಾಳೆಗಳ ಅಂಚಿನಲ್ಲಿ ಅಧ್ಯಾಪಕರು ಹೆಚ್ಚಾಗಿ ಬರೆಯುವ ಒಂದು ಮಾತಿದೆ: ‘ಭಾಷೆ ಶೈಕ್ಷಣಿಕವಾಗಿಲ್ಲ, ಸುಧಾರಿಸಿ.’ ಹೇಗೆ ಸುಧಾರಿಸಬೇಕು ಎಂಬುದನ್ನು ಯಾರೂ ಬರೆದಿರುವುದಿಲ್ಲ. ವಿದ್ಯಾರ್ಥಿಗೆ ತೋಚುವ ದಾರಿ ಒಂದೇ. ‘ತುಂಬಾ’ ಇದ್ದಲ್ಲಿ ‘ಅತ್ಯಧಿಕ’, ‘ಆಮೇಲೆ’ ಇದ್ದಲ್ಲಿ ‘ತದನಂತರ’, ‘ಹಾಳಾಯಿತು’ ಇದ್ದಲ್ಲಿ ‘ಅವನತಿಯ ಹಾದಿಯನ್ನು ಹಿಡಿಯಿತು’ ಎಂದು ಹಾಕುತ್ತಾ ಹೋಗುವುದು. ಹಾಳೆ ಭಾರವಾಗುತ್ತದೆ, ಒಳಗಿನ ವಿಚಾರ ಮಾತ್ರ ಮೊದಲಿದ್ದಷ್ಟೇ ಇರುತ್ತದೆ.

ಒಂದು ಪ್ಯಾರಾವನ್ನು ಎದುರಿಗಿಟ್ಟುಕೊಂಡೇ ಇದನ್ನು ನೋಡೋಣ. ಕೋಲಾರ ಜಿಲ್ಲೆಯ ಹಳ್ಳಿಯೊಂದರ ವಿದ್ಯಾರ್ಥಿನಿ ತನ್ನೂರಿನ ಕೆರೆಯ ಬಗ್ಗೆ ಬರೆದಳು ಎಂದುಕೊಳ್ಳಿ. ಪ್ಯಾರಾ ನಾನು ಮಾದರಿಗಾಗಿ ಕಟ್ಟಿದ್ದು. ಆದರೆ ಇಂಥದ್ದನ್ನು ಯಾವ ಕಾಲೇಜಿನ ಹಾಳೆಗಳಲ್ಲಾದರೂ ಕಾಣಬಹುದು.

‘ನಮ್ಮ ಕೋಲಾರ ಜಿಲ್ಲೆಯಲ್ಲಿ ಮೊದಲು ತುಂಬಾ ಕೆರೆಗಳಿದ್ದವು. ಎಲ್ಲರೂ ಸೇರಿ ಕೆರೆಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಯಾರೂ ಕೆರೆಯ ಕಡೆ ತಿರುಗಿ ನೋಡಲಿಲ್ಲ. ಈಗ ಎಲ್ಲ ಕೆರೆಗಳೂ ಹಾಳಾಗಿವೆ. ಸರ್ಕಾರ ಇದಕ್ಕೆ ಕ್ರಮ ತೆಗೆದುಕೊಳ್ಳಬೇಕು.’

ಅಧ್ಯಾಪಕರ ಟಿಪ್ಪಣಿ ಓದಿದ ಮೇಲೆ ಅದು ಹೀಗಾಗುತ್ತದೆ:

‘ಪುರಾತನ ಕಾಲಘಟ್ಟದಿಂದಲೂ ಕೋಲಾರ ಜಿಲ್ಲೆಯು ಅತ್ಯಂತ ಸಮೃದ್ಧವಾದ ಜಲಸಂಪನ್ಮೂಲ ಪರಂಪರೆಯನ್ನು ಹೊಂದಿತ್ತು ಎಂಬುದು ಸರ್ವವಿದಿತ ಸಂಗತಿಯಾಗಿದೆ. ಸದರಿ ಜಲಮೂಲಗಳು ಸಮುದಾಯದ ಅವಿರತ ಸಹಭಾಗಿತ್ವದಿಂದ ಸಂರಕ್ಷಿಸಲ್ಪಡುತ್ತಿದ್ದವು. ಕೊಳವೆಬಾವಿಗಳ ಆಗಮನದ ತರುವಾಯ ಅವು ಸಂಪೂರ್ಣ ನಿರ್ಲಕ್ಷ್ಯಕ್ಕೆ ಒಳಪಡಿಸಲ್ಪಟ್ಟು ಪ್ರಸ್ತುತ ಅವನತಿಯ ಅಂಚಿಗೆ ತಲುಪಿರುವುದು ವಿಷಾದನೀಯ.’

ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಎರಡನೆಯದು ಕೆಟ್ಟಿರುವುದು ತಿಳಿಯುತ್ತದೆ. ಮೊದಲನೆಯದರಲ್ಲಿ ಕನಿಷ್ಠ ‘ಕೆರೆ’ ಎಂಬ ಮಾತಿತ್ತು, ಈಗ ‘ಜಲಮೂಲ’ ಬಂದಿದೆ. ಜಲಮೂಲವೆಂದರೆ ಬಾವಿಯೂ ಆಗಬಹುದು, ಹೊಳೆಯೂ ಆಗಬಹುದು. ಕೊಳವೆಬಾವಿಯೂ ಜಲಮೂಲವೇ! ಮೊದಲು ‘ಎಲ್ಲರೂ’ ನೋಡಿಕೊಳ್ಳುತ್ತಿದ್ದರು. ಈಗ ‘ಸಂರಕ್ಷಿಸಲ್ಪಡುತ್ತಿದ್ದವು’, ಮಾಡಿದವರೇ ಕಾಣೆಯಾಗಿದ್ದಾರೆ. ‘ಸರ್ವವಿದಿತ’ ಎಂಬ ಪದವಂತೂ ನೇರವಾಗಿ ಅಪಾಯದ್ದು. ಆಧಾರ ಕೊಡಬೇಕಾದ ಜಾಗದಲ್ಲಿ ಅದು ಬಂದು ಕುಳಿತಿದೆ. ಎಲ್ಲರಿಗೂ ಗೊತ್ತಿರುವ ಸಂಗತಿಯಾದರೆ ಪ್ರಬಂಧ ಬರೆಯುವ ಅಗತ್ಯವೇ ಇಲ್ಲ.

ಹಾಗಾದರೆ ಅಧ್ಯಾಪಕರು ಕೇಳಿದ್ದೇನು? ಅವರು ‘ಭಾಷೆ’ ಎಂದು ಬರೆದರೂ ಅವರಿಗೆ ತೊಡಕಾದದ್ದು ಪದಗಳಲ್ಲ. ಯಾವ ಕೆರೆ, ಯಾವ ಕಾಲ, ಯಾರು ಮಾಡಿದರು, ನಿನಗೆ ಹೇಗೆ ಗೊತ್ತು, ಎಷ್ಟು ಖಚಿತವಾಗಿ ಗೊತ್ತು ಎಂಬ ಪ್ರಶ್ನೆಗಳಿಗೆ ಪ್ಯಾರಾದಲ್ಲಿ ಉತ್ತರವಿರಲಿಲ್ಲ. ಶೈಕ್ಷಣಿಕ ಬರವಣಿಗೆಯ ಗತ್ತು ಹುಟ್ಟುವುದು ಈ ಉತ್ತರಗಳಿಂದ. ಆದ್ದರಿಂದ ತಿದ್ದುವಾಗ ನಿಘಂಟನ್ನು ಬದಿಗಿಟ್ಟು, ಒಂದೊಂದು ವಾಕ್ಯಕ್ಕೂ ಈ ಪ್ರಶ್ನೆಗಳನ್ನು ಹಾಕಬೇಕು.

‘ಮೊದಲು ತುಂಬಾ ಕೆರೆಗಳಿದ್ದವು’ ಎಂಬ ವಾಕ್ಯದಿಂದ ಶುರುಮಾಡೋಣ. ‘ಮೊದಲು’ ಎಂದರೆ ಯಾವಾಗ ಎಂದು ಗೊತ್ತಿಲ್ಲ, ‘ತುಂಬಾ’ ಎಂದರೆ ಎಷ್ಟು ಎಂದೂ ಗೊತ್ತಿಲ್ಲ. ಎಣಿಕೆ ಕೈಯಲ್ಲಿಲ್ಲದಿದ್ದರೆ ಊಹಿಸಿ ಬರೆಯುವ ಬದಲು ಇಷ್ಟೊಂದು ಕೆರೆಗಳು ಯಾಕಿದ್ದವು ಎಂಬ ಕಾರಣ ಹೇಳುವುದು ಮೇಲು. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಹಾಗಾಗಿ ಬೇಸಾಯ ಮಳೆಯನ್ನೂ ಕೆರೆಯನ್ನೂ ನಂಬಿತ್ತು. ಇದು ಸಣ್ಣ ಮಾತುಗಳ ಸಣ್ಣ ವಾಕ್ಯ. ಆದರೂ ‘ಸಮೃದ್ಧ ಪರಂಪರೆ’ ಹೇಳದಿದ್ದುದನ್ನು ಇದು ಹೇಳುತ್ತದೆ.

ಎರಡನೆಯ ವಾಕ್ಯದ ‘ಎಲ್ಲರೂ ಸೇರಿ’ ಎಂಬಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಇಲ್ಲಿ ಒಂದು ತಪ್ಪು ಚಿತ್ರ ಅಡಗಿದೆ. ತೂಬು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿ ಕಾಯುವುದು, ಕೋಡಿ ಹರಿಯುವಾಗ ಎಚ್ಚರವಾಗಿರುವುದು ನೀರುಗಂಟಿಯ ಕೆಲಸವಾಗಿತ್ತು. ಅನೇಕ ಊರುಗಳಲ್ಲಿ ನೀರುಗಂಟಿಗಳು ದಲಿತ ಕುಟುಂಬದವರು, ಸುಗ್ಗಿಯಲ್ಲಿ ಸಿಗುವ ಧಾನ್ಯವೇ ಅವರ ಕೂಲಿ. ‘ಎಲ್ಲರೂ ನೋಡಿಕೊಳ್ಳುತ್ತಿದ್ದರು’ ಎಂದಾಗ ಆ ಮನುಷ್ಯ ಮರೆಯಾಗುತ್ತಾನೆ. ‘ಸಮುದಾಯದ ಸಹಭಾಗಿತ್ವ’ ಎಂದರೆ ಇನ್ನೂ ಚೆನ್ನಾಗಿ ಮರೆಯಾಗುತ್ತಾನೆ. ನನಗೆ ಉಬ್ಬಿದ ಭಾಷೆಯ ಮೇಲೆ ನಿಜವಾದ ಸಿಟ್ಟು ಬರುವುದು ಇಂಥ ಕಡೆಗಳಲ್ಲೇ. ವಾಕ್ಯಕ್ಕೆ ಕರ್ತೃ ಸಿಕ್ಕ ಕೂಡಲೇ ಸಮಾಜಶಾಸ್ತ್ರದ ಒಂದು ಒಳ್ಳೆಯ ಪ್ರಶ್ನೆಯೂ ಸಿಗುತ್ತದೆ: ಈ ಕೆಲಸದ ಹೊರೆ ಯಾರ ಮೇಲಿತ್ತು, ನೀರಿನ ಫಲ ಯಾರಿಗೆ ಹೋಗುತ್ತಿತ್ತು?

ಇಲ್ಲೇ ಇನ್ನೊಂದು ವಿಷಯವನ್ನೂ ಗಮನಿಸಬಹುದು. ತೂಬು, ಕೋಡಿ, ಏರಿ, ಹೂಳು, ಅಚ್ಚುಕಟ್ಟು ಇವೆಲ್ಲ ಊರಿನ ಮಾತುಗಳು. ಆದರೆ ನೀರಾವರಿಯ ವಿಷಯದಲ್ಲಿ ಇವೇ ಪಾರಿಭಾಷಿಕ ಪದಗಳೂ ಹೌದು, ಇಲಾಖೆಯ ಕಡತಗಳಲ್ಲೂ ‘ಅಚ್ಚುಕಟ್ಟು ಪ್ರದೇಶ’ ಎಂದೇ ಇರುತ್ತದೆ. ಹಾಗೆಂದು ಸಂಸ್ಕೃತ ಮೂಲದ ಪದಗಳೆಲ್ಲ ಉಬ್ಬಿದ ಪದಗಳೆಂದು ತಿಳಿಯಬಾರದು. ‘ಅಂತರ್ಜಲ’ ಬೇಕು, ಅದರ ಜಾಗಕ್ಕೆ ಬೇರೆ ಪದವಿಲ್ಲ. ಅನುಮಾನ ಬಂದಾಗ ಪದವನ್ನು ಹೊಡೆದುಹಾಕಿ ಓದಬೇಕು. ‘ಅವಿರತ’ವನ್ನು ತೆಗೆದರೆ ಏನೂ ಕಳೆದುಹೋಗುವುದಿಲ್ಲ. ‘ಅಂತರ್ಜಲ’ವನ್ನು ತೆಗೆದರೆ ವಾಕ್ಯ ಕುಸಿಯುತ್ತದೆ.

ಮೂರನೆಯ ವಾಕ್ಯ ಕಾರಣ ಹೇಳುತ್ತದೆ: ಬೋರ್‌ವೆಲ್ ಬಂತು, ಕೆರೆ ಕೆಟ್ಟಿತು. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣವಾಗುವುದಿಲ್ಲ, ನಡುವಿನ ಕೊಂಡಿಯನ್ನು ಬರೆಯಬೇಕು. ತನ್ನ ಹೊಲದಲ್ಲೇ ನೀರು ಸಿಕ್ಕ ರೈತನಿಗೆ ಕಾಲುವೆಯ ಹೂಳೆತ್ತಲು ಬರುವ ಅಗತ್ಯ ಉಳಿಯಲಿಲ್ಲ, ಇದು ಕೊಂಡಿ. ಆದರೆ ಇನ್ನೊಂದು ಕಾರಣವೂ ಇದೆ. ಶಾನುಭೋಗ, ಪಟೇಲ, ತೋಟಿ, ನೀರುಗಂಟಿ ಮುಂತಾದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆಯೊಂದು ರದ್ದುಪಡಿಸಿತು. ಹಲವು ಊರುಗಳಲ್ಲಿ ನೀರುಗಂಟಿಗಳು ಆಮೇಲೂ ಕೆಲಸ ಮುಂದುವರಿಸಿದರು, ಆದರೆ ಹುದ್ದೆಗೆ ಕಾನೂನಿನ ಆಸರೆ ಇರಲಿಲ್ಲ. ಈ ಒಂದು ಸಂಗತಿ ಸೇರಿದ ಮೇಲೆ ಬೋರ್‌ವೆಲ್ಲೇ ಎಲ್ಲಕ್ಕೂ ಕಾರಣ ಎಂದು ಬರೆಯಲು ಕೈ ತಡೆಯುತ್ತದೆ. ಆ ತಡೆಯುವಿಕೆಯೇ ಪ್ಯಾರಾಕ್ಕೆ ತೂಕ ಕೊಡುವುದು.

‘ಎಲ್ಲ ಕೆರೆಗಳೂ ಹಾಳಾಗಿವೆ’ ಎಂಬುದನ್ನು ಬಿಟ್ಟುಬಿಡಬೇಕು, ಅದು ನಿಜವಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಅದರಿಂದ ಒಣಗಿದ್ದ ಹಲವು ಕೆರೆಗಳು ತುಂಬಿವೆ. ಆ ನೀರಿನ ಗುಣಮಟ್ಟದ ಬಗ್ಗೆ ತಕರಾರುಗಳಿವೆ, ಅದು ಇನ್ನೊಂದು ಪ್ಯಾರಾದ ಮಾತು. ‘ಸರ್ಕಾರ ಕ್ರಮ ತೆಗೆದುಕೊಳ್ಳಬೇಕು’ ಎಂಬ ಕೊನೆಯ ಸಾಲಿಗೂ ಇಲ್ಲಿ ಜಾಗವಿಲ್ಲ. ಬರೆಯಲೇಬೇಕೆಂದರೆ ಯಾವ ಸರ್ಕಾರಿ ಸಂಸ್ಥೆ ಎಂದು ಹೇಳಬೇಕು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರಿದರೆ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳ ಪಾಲಿಗೆ ಬರುತ್ತವೆ. ತನ್ನೂರಿನ ಕೆರೆ ಯಾರದ್ದು ಎಂದು ತಿಳಿಯದೆ ಬೇಡಿಕೆ ಇಡುವುದು ವ್ಯರ್ಥ.

ಈ ವಿದ್ಯಾರ್ಥಿನಿ ಊರಿನ ನಾಲ್ವರು ಹಿರಿಯ ರೈತರನ್ನು ಮಾತನಾಡಿಸಿದ್ದಾಳೆ ಎಂದುಕೊಂಡರೆ, ತಿದ್ದಿದ ಪ್ಯಾರಾ ಹೀಗೆ ಬರಬಹುದು:

‘ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಇಲ್ಲಿನ ಬೇಸಾಯ ಬಹುಕಾಲ ಮಳೆ ಮತ್ತು ಕೆರೆಗಳನ್ನು ಅವಲಂಬಿಸಿತ್ತು. ನಮ್ಮೂರಿನ ಕೆರೆಯ ತೂಬನ್ನು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವರು ನೀರುಗಂಟಿ. ಕಾಲುವೆಯ ಹೂಳನ್ನು ಅಚ್ಚುಕಟ್ಟಿನ ರೈತರು ತೆಗೆಯುತ್ತಿದ್ದರು. ನಾನು ಮಾತನಾಡಿಸಿದ ನಾಲ್ವರು ಹಿರಿಯ ರೈತರ ಪ್ರಕಾರ, ಕೊಳವೆಬಾವಿಗಳು ಬಂದ ಮೇಲೆ ಹೂಳೆತ್ತುವ ಕೆಲಸ ನಿಂತಿತು. ಸ್ವಂತ ನೀರು ಇದ್ದವರಿಗೆ ಕಾಲುವೆಯ ಅಗತ್ಯ ಉಳಿದಿರಲಿಲ್ಲ. ಆದರೆ ಕೊಳವೆಬಾವಿಯೊಂದೇ ಕಾರಣವೆನ್ನಲು ಸಾಧ್ಯವಿಲ್ಲ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದಾಗ ನೀರುಗಂಟಿಯ ಹುದ್ದೆಯೂ ಹೋಯಿತು. ಕೊಳವೆಬಾವಿಗಳಿಗೆ ಮೊದಲೇ ಕೆರೆಯ ನಿರ್ವಹಣೆ ಸಡಿಲಗೊಂಡಿರಬಹುದು.’

ಇಲ್ಲಿ ಪಿಯುಸಿ ಓದಿದವರಿಗೆ ಗೊತ್ತಿಲ್ಲದ ಒಂದು ಪದವೂ ಇಲ್ಲ. ‘ನಾನು’ ಎಂದು ಬರೆದಿದ್ದಾಳೆ, ಅದರಲ್ಲಿ ತಪ್ಪಿಲ್ಲ. ಮಾತನಾಡಿಸಿದ್ದು ಅವಳೇ ಆದ್ದರಿಂದ ‘ಸಂದರ್ಶಿಸಲಾಯಿತು’ ಎನ್ನುವುದಕ್ಕಿಂತ ಇದು ಪ್ರಾಮಾಣಿಕ. ‘ಇರಬಹುದು’ ಎಂಬುದು ಒಂದೇ ಕಡೆ, ತನ್ನ ಊಹೆ ಇರುವಲ್ಲಿ ಮಾತ್ರ ಬಂದಿದೆ. ನದಿಯಿಲ್ಲ ಎಂಬಲ್ಲೂ, ಕಾಯ್ದೆ ಬಂತು ಎಂಬಲ್ಲೂ ‘ಬಹುಶಃ’ ಸೇರಿಸಿದ್ದರೆ ಅದೂ ಇನ್ನೊಂದು ಬಗೆಯ ಆಡಂಬರವೇ ಆಗುತ್ತಿತ್ತು. ಪ್ಯಾರಾ ಮೊದಲಿಗಿಂತ ಉದ್ದವಾಗಿದೆ ನಿಜ, ಆದರೆ ಆ ಉದ್ದವನ್ನು ತುಂಬಿರುವುದು ಸಂಗತಿಗಳು.

ಓದುವವರ ಮೇಲೆ ದೊಡ್ಡ ಪದಗಳ ಪರಿಣಾಮವೇನು ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಒಪೆನ್‌ಹೈಮರ್ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಒಂದು ಪ್ರಯೋಗದಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಬರೆದ ಪ್ರಬಂಧಗಳ ಪದಗಳನ್ನು ಸಮಾನಾರ್ಥಕ ಕೋಶದ ಅತಿ ಉದ್ದದ ಪದಗಳಿಗೆ ಬದಲಿಸಿ, ಮೂಲವನ್ನೂ ಬದಲಿಸಿದ್ದನ್ನೂ ಬೇರೆ ಬೇರೆ ಓದುಗರಿಗೆ ಕೊಟ್ಟರು. ಪದಗಳು ಭಾರವಾದಷ್ಟೂ ಅಭ್ಯರ್ಥಿಗೆ ಪ್ರವೇಶ ಕೊಡಬೇಕೆಂಬ ಒಲವು ಕಡಿಮೆಯಾಯಿತು. ಓದು ತೊಡಕಾದಾಗ ಓದುಗರು ಬರೆದವರನ್ನೇ ಕಡಿಮೆ ಬುದ್ಧಿವಂತರೆಂದು ಎಣಿಸುತ್ತಾರೆ ಎಂಬುದು ಅವರ ತೀರ್ಮಾನ. ಪ್ರಯೋಗ ನಡೆದದ್ದು ಇಂಗ್ಲಿಷಿನಲ್ಲಿ. ಆದರೂ ‘ಒಳಪಡಿಸಲ್ಪಟ್ಟು’ ಎಂಬಲ್ಲಿ ಎಡವಿ ವಾಕ್ಯವನ್ನು ಮತ್ತೆ ಮೊದಲಿನಿಂದ ಓದಿದ ಕನ್ನಡದ ಅಧ್ಯಾಪಕರಿಗೆ ಈ ಫಲಿತಾಂಶ ಹೊಸದೆನಿಸಲಾರದು.

ಈ ಕ್ರಮಕ್ಕೆ ಒಂದು ಮಿತಿಯಿದೆ. ಹೇಳಲು ಸಂಗತಿಯೇ ಇಲ್ಲದ ಪ್ಯಾರಾವನ್ನು ತಿದ್ದಿ ಶೈಕ್ಷಣಿಕವಾಗಿಸಲು ಬರುವುದಿಲ್ಲ. ಯಾರು, ಯಾವಾಗ, ಹೇಗೆ ಗೊತ್ತು ಎಂದು ಕೇಳುತ್ತಾ ಹೋದಾಗ ಯಾವ ಉತ್ತರವೂ ಸಿಗದಿದ್ದರೆ ಪೆನ್ನು ಕೆಳಗಿಟ್ಟು ಗ್ರಂಥಾಲಯಕ್ಕೋ, ಪಂಚಾಯಿತಿ ಕಚೇರಿಗೋ, ಕೆರೆಯ ಏರಿಗೋ ಹೋಗಬೇಕು. ಪರೀಕ್ಷಾ ಕೊಠಡಿಯಲ್ಲಿ ಅದು ಆಗದ ಮಾತು. ಅಲ್ಲಿ ಪಠ್ಯದ ಪಾರಿಭಾಷಿಕ ಪದಗಳನ್ನು ಇದ್ದಂತೆಯೇ ಬಳಸಿ, ಪ್ರತಿ ವಾಕ್ಯಕ್ಕೂ ಒಬ್ಬ ಕರ್ತೃವನ್ನು ಕೊಟ್ಟು, ‘ಎಲ್ಲ’, ‘ಯಾವಾಗಲೂ’, ‘ಸರ್ವವಿದಿತ’ಗಳನ್ನು ಹೊಡೆದುಹಾಕುವಷ್ಟು ಸಮಯ ಮಾತ್ರ ಇರುತ್ತದೆ.